ಫೋಟೋದ ಮೇಲಿನ ನನ್ನ ಹೆಸರು

ಬುಧವಾರ, ಬೆಳಿಗ್ಗೆ

ನನ್ನ ಸಹಪಾಠಿಯೂ ಧರ್ಮಪತ್ನಿಯೂ ಆದ ತಮ್ಮ ಸನ್ನಿಧಿಗೆ,

ನಾವು ಬೇರೆ ಬೇರೆ ಮನೆಗಳಲ್ಲಿ ಬಾಳತೊಡಗಿದ ಮೇಲೆ ತಮಗೆ ಬರೆಯುತ್ತಿರುವ ಮೊದಲ ಪತ್ರವಿದು. ಕಚೇರಿಯ ಮುಂದೆ ಕುಳಿತು ಪರರ ಅರ್ಜಿಗಳನ್ನು ಬರೆದು ಸವೆದ ಈ ಕೈಗೆ ಬೇರೆ ಧಾಟಿ ಬಾರದು. "ನಿಮ್ಮ ಜೊತೆ ಮಾತಾಡೋದೂ ಒಂದೇ, ಕಚೇರಿಗೆ ಹೋಗಿ ಬರೋದೂ ಒಂದೇ" ಎಂದು ಹೇಳಿಯೇ ತಾವು ಹೊರಟದ್ದು. ಮರೆತಿಲ್ಲ.

ನಮ್ಮ ಶಾಲಾ ಬ್ಯಾಚಿನ ಸಮ್ಮಿಲನದ ಪೋಸ್ಟ್ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. "ಸಮಸ್ತರ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಆರಂಭಿಸಿದೆ. ಅದನ್ನು ವಾಟ್ಸಾಪ್ ಗುಂಪಿನಲ್ಲಿ ಓದಿದ ನಮ್ಮ ಬ್ಯಾಚಿನ ದರ್ಜಿ, "ಲೇ, ಶಾಲೆಗೆ ಕರೀತಿದ್ದೀಯೋ, ಕೋರ್ಟಿಗೋ?" ಎಂದು ಕೇಳಿದ. ಕೊನೆಗೆ ನನ್ನ ತಮ್ಮನ ಮಗಳು ತಿದ್ದಲು ಕುಳಿತಳು. "ದೊಡ್ಡಪ್ಪ, ಮೊದಲೆರಡು ಸಾಲು ಹಿಡಿಸದಿದ್ರೆ ಯಾರೂ ಮುಂದೆ ಓದಲ್ಲ. ದಿನ, ಜಾಗ ನಿಮ್ಮ ಹಳೇ ಕ್ಲಾಸ್ ಫೋಟೋದ ಮೇಲೇ ಇರ್ಲಿ, ಫಾರ್ವರ್ಡ್ ಮಾಡೋವಾಗ ಬಿಟ್ಟುಹೋಗಲ್ಲ. ನಂಬರ್ ಮಾತ್ರ ಕೆಳಗೆ ಬೇರೆಯಾಗಿ ಟೈಪ್ ಮಾಡೋಣ. ಒತ್ತಿದ್ರೆ ಕರೆ ಹೋಗತ್ತೆ" ಎಂದಳು. ನಾನು ಒಪ್ಪಲಿಲ್ಲ. ಅರ್ಜಿದಾರನ ಹೆಸರಿಲ್ಲದ ಅರ್ಜಿಯುಂಟೇ? ನನ್ನ ಹೆಸರನ್ನೂ ನಂಬರನ್ನೂ ಫೋಟೋದ ಮೇಲೆಯೇ ದಪ್ಪಕ್ಷರದಲ್ಲಿ ಹಾಕಿಸಿದೆ.

ಪೋಸ್ಟ್ ಗುಂಪಿನಿಂದ ಗುಂಪಿಗೆ ಹಾರಿತು. ಗುರುತಿಲ್ಲದವರೂ ಕರೆಮಾಡಿ ಹಾರೈಸಿದರು. ನಾನು ಹಿಗ್ಗಿದ್ದೆ.

ನಿನ್ನೆ, ಶಾಲೆಯಲ್ಲಿ ತಮ್ಮ ಪಕ್ಕದ ಡೆಸ್ಕಿನಲ್ಲಿದ್ದ ಜಡೆಯಮ್ಮ ಕರೆಮಾಡಿದ್ದಳು. "ನಿನ್ನ ಹೆಂಡ್ತಿ ಫೋಟೋ ನೋಡಿ ಖುಷಿಯಾಗಿದ್ಲು ಕಣೋ. ಅದರಲ್ಲೇ ಕೆಳಗೆ ನಿನ್ನ ಹೆಸರು ಕಾಣ್ತು, ಬರಲ್ಲ ಅಂದ್ಬಿಟ್ಲು. ನನಗಿನ್ನು ಚಿಕಿತ್ಸೆ ಮಾಡಿ ಉಪಯೋಗ ಇಲ್ಲ ಅಂದಿದಾರೆ ಡಾಕ್ಟ್ರು. ಮುಂದಿನ ಸಮ್ಮಿಲನ ನಾನೆಲ್ಲಿ ನೋಡ್ಲಿ? ಅವಳನ್ನೊಮ್ಮೆ ನೋಡ್ಬೇಕು" ಎಂದಳು. ಅವಳ ಉಸಿರು ನಡುನಡುವೆ ತುಂಡಾಗುತ್ತಿತ್ತು.

ನಮ್ಮ ಗುಂಪಿನಲ್ಲಿದ್ದ ಪೋಸ್ಟನ್ನು ಕೂಡಲೇ ಅಳಿಸಿದೆ. ಆದರೆ ಇತರರು ಹಂಚಿದ್ದನ್ನು ಅಳಿಸುವ ಅಧಿಕಾರ ನನಗಿಲ್ಲ. ಫೋಟೋದಲ್ಲೇ ಸೇರಿಹೋದ ನನ್ನ ಹೆಸರು ಇನ್ನೂ ಮನೆಮನೆಗೆ ತಲುಪುತ್ತಿದೆ. ಆದಕಾರಣ ಹೊಸದೊಂದನ್ನು ಕಳುಹಿಸಿರುತ್ತೇನೆ:

"ಹಳೆಯದನ್ನು ಬಿಟ್ಟು ಇದನ್ನು ಹಂಚಿ. ಕೊನೆಯ ಗಂಟೆ ಬಾರಿಸಿದಾಗ ನಾವೆಲ್ಲ ಓಡಿದ್ದೆವು, ಯಾರೂ ತಿರುಗಿ ನೋಡಲಿಲ್ಲ. ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅದೇ ಶಾಲೆ, ಅದೇ ಕೋಣೆ. ನಮ್ಮವರು ಯಾರಾದರೂ ಗೊತ್ತಿದ್ದರೆ ತಲುಪಿಸಿ. ವಿಚಾರಿಸಲು ಜಡೆಯಮ್ಮನಿಗೆ ಕರೆಮಾಡಿ."

ಕೆಳಗೆ ಅವಳ ನಂಬರು ಮಾತ್ರ ಇದೆ. ನಾನು ಅಂದು ಬರುವುದಿಲ್ಲ; ಶಾಲೆಯ ಬೀದಿಯಲ್ಲೂ ಸುಳಿಯುವುದಿಲ್ಲ. ತಾವು ದಯಮಾಡಿ ಹೋಗಬೇಕು, ಅವಳ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಇದಿಷ್ಟೇ ನನ್ನ ಪ್ರಾರ್ಥನೆ.

ಇಂತಿ,
ತಮ್ಮ ಹಿಂದಿನ ಬೆಂಚಿನವನು

ವಿ.ಸೂ.: ಯಾರಾದರೂ ನನ್ನನ್ನು ಕೇಳಿದರೆ, ಕಣ್ಣು ತೋರಿಸಲು ಹೋಗಿದ್ದಾನೆ ಎಂದುಬಿಡು. ಭಾನುವಾರ ಯಾವ ಡಾಕ್ಟರು ಸಿಗ್ತಾರೆ ಎಂದು ಎಲ್ಲರೂ ನಗುತ್ತಾರೆ. ನೀನೂ ನಗು. ನೀನು ನಗುವುದನ್ನು ಅವರಾದರೂ ನೋಡಲಿ.