ಬೆಳಗಿನ ಆರರಿಂದ ಏಳು

ನವೆಂಬರ್ ೧೪, ಗುರುವಾರ

ಪ್ರೀತಿಯ ಅಕ್ಕ,

ನೀನು, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ತಾನೆ? ನಿನ್ನ ಎರಡು ಕಾಗದಗಳೂ ಉತ್ತರವಿಲ್ಲದೆ ಹಾಗೇ ಉಳಿದುಬಿಟ್ಟವು. ಇದನ್ನೆಲ್ಲ ಫೋನಿನಲ್ಲಿ ಹೇಳಲಾರೆ. ಬರೆಯುವುದು ವಾಸಿ. ಕೋಪ ಮಾಡಿಕೊಳ್ಳಬೇಡ.

ನೀನು ಗೂಬೆರಾಯರು ಎಂದು ಹೆಸರಿಟ್ಟ ನಮ್ಮ ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಾರೆ. ಬಲಗೈ ಇನ್ನೂ ಹೇಳಿದಂತೆ ಕೇಳುತ್ತಿಲ್ಲ. ಮಾತಿನ ವಿಷಯ ಆಮೇಲೆ ಬರೆಯುತ್ತೇನೆ.

"ಒಂದೇ ಮನೆಯಲ್ಲಿದ್ದೂ ನಿನಗೆ ಗೊತ್ತಾಗಲಿಲ್ಲವಾ?" ಎಂದು ಕೇಳಿದ್ದೀಯ. ಮನೆ ಒಂದೇ, ಹೊತ್ತು ಬೇರೆ. ಅವರು ಬ್ರೆಡ್ ಕಾರ್ಖಾನೆಯ ಒಲೆಯ ಮುಂದೆ ರಾತ್ರಿ ಎಂಟರಿಂದ ಬೆಳಗಿನ ಐದರವರೆಗೆ. ನಾನು ಪಾರ್ಸೆಲ್ ವಿಂಗಡಿಸುವ ಶೆಡ್ಡಿನಲ್ಲಿ ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗೆ. ನಾನು ಹೊರಡುವಾಗ ಅವರಿಗೆ ನಿದ್ದೆ, ನಾನು ಬರುವಾಗ ಅವರು ಮನೆಯಲ್ಲಿಲ್ಲ. ಕಿಟಕಿಗೆ ಕಪ್ಪು ಬಟ್ಟೆ. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸಬೇಕು. ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡಬೇಕು. ನೀನು ಬಂದಾಗ "ಇದೇನೇ ಪುಟ್ಟಿ, ಮನೆಯೋ ಕಳ್ಳರ ಅಡ್ಡೆಯೋ?" ಎಂದಿದ್ದೆಯಲ್ಲ.

ನಮಗೆ ಉಳಿದದ್ದು ಬೆಳಗಿನ ಆರರಿಂದ ಏಳು. ಏಳು ದಾಟಿದರೆ ಅವರ ನಿದ್ದೆ ಹಾರಿಹೋಗುತ್ತಿತ್ತು, ಆ ರಾತ್ರಿ ಒಲೆಯ ಮುಂದೆ ತೂಕಡಿಸಬೇಕಾಗುತ್ತಿತ್ತು. ಒಂದೇ ಮೇಜಿನಲ್ಲಿ ಅವರಿಗೆ ರಾತ್ರಿಯೂಟ, ನನಗೆ ಬೆಳಗಿನ ಕಾಫಿ. ಮೊದಮೊದಲು ಆ ಒಂದು ಗಂಟೆಯನ್ನೂ ಬಾಡಿಗೆ, ಸೋರುವ ನಲ್ಲಿ, ಅವರ ಮೇಸ್ತ್ರಿಯ ಬೈಗುಳ ನುಂಗಿಹಾಕುತ್ತಿದ್ದವು. ಒಮ್ಮೆ ಜಗಳವಾಡಿ ಮುಖ ತಿರುಗಿಸಿ ಮಲಗಿದರು. ಆ ಮುಖವನ್ನು ಎಚ್ಚರವಾಗಿ ನೋಡಲು ನಾನು ಮರುದಿನ ಬೆಳಗಿನವರೆಗೆ ಕಾಯಬೇಕಾಯಿತು. ಆಗಲೇ ಕಾನೂನು ಮಾಡಿದೆ. ಫೋನುಗಳು ಅಕ್ಕಿ ಡಬ್ಬದೊಳಗೆ. ಕಷ್ಟದ ಮಾತು, ಕೆಟ್ಟ ಸುದ್ದಿ ಏನಿದ್ದರೂ ಮಂಗಳವಾರ, ಅವರ ರಜೆಯ ರಾತ್ರಿ.

"ಆಯ್ತು ಮೇಡಮ್ಮೋರೇ. ಹೊಟ್ಟೆನೋವು ಬಂದ್ರೂ ಮಂಗಳವಾರದ ತನಕ ತಡ್ಕೋತೀನಿ" ಎಂದು ನಕ್ಕರು.

ಆದರೆ ಮಂಗಳವಾರ ನಾನು ಮನೆ ಸೇರುವಷ್ಟರಲ್ಲಿ ಕುರ್ಚಿಯಲ್ಲೇ ಬಾಯಿ ತೆರೆದು ಮಲಗಿರುತ್ತಿದ್ದರು. ವಾರದ ನಿದ್ದೆಯೆಲ್ಲ ಅಂದೇ ಮೇಲೆ ಬೀಳುತ್ತಿತ್ತು. ಎಬ್ಬಿಸಲು ಮನಸ್ಸಾಗದೆ ದೀಪ ಆರಿಸುತ್ತಿದ್ದೆ.

ಬೆಳಗಿನ ಆ ಗಂಟೆ ಮಾತ್ರ ಚೆನ್ನಾಗಿತ್ತು, ಅಕ್ಕ. ಸೊಟ್ಟಗೆ ಉಬ್ಬಿದ ಬ್ರೆಡ್ಡು ತಂದು ಮೇಜಿನ ಮೇಲಿಟ್ಟು, "ನೋಡು, ನಮ್ಮ ಮೇಸ್ತ್ರಿ ಮೂಗು" ಎನ್ನುತ್ತಿದ್ದರು. ನಾವು ಆ ಮೂಗನ್ನು ಹರಿದು ತಿನ್ನುತ್ತಿದ್ದೆವು.

ಆಮೇಲೊಂದು ದಿನ ಲೋಟ ಎಡಗೈಗೆ ಬಂತು. "ಇದ್ಯಾವಾಗ ಎಡಚರಾದ್ರಿ?" ಎಂದು ಕೇಳಿದೆ. "ಒಲೆಯಿಂದ ಬ್ರೆಡ್ ತಟ್ಟೆ ಎಳೆದೂ ಎಳೆದೂ ಬಲಗೈ ಜೋಮು ಹಿಡಿದಿದೆ" ಎಂದರು. ಇನ್ನೊಂದು ಬೆಳಗ್ಗೆ ನಾಲಿಗೆ ತೊದಲಿ, ಸ್ವಲ್ಪ ಹೊತ್ತಿಗೆ ಸರಿಹೋಯಿತು. ನಿದ್ದೆಗೆಟ್ಟದ್ದಕ್ಕೆ ಹಾಗೆ ಎಂದುಕೊಂಡೆ.

ಲಕ್ವ ಹೊಡೆದ ದಿನವೂ ಏಳಕ್ಕೆ ಮಲಗಿದರು. ಮಧ್ಯಾಹ್ನ ನಾನು ಎಂದಿನಂತೆ ಚಪ್ಪಲಿ ಕೈಯಲ್ಲಿ ಹಿಡಿದು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದೆ. ರಾತ್ರಿ ಮೇಸ್ತ್ರಿ ಫೋನು ಮಾಡಿ, "ಏನಮ್ಮಾ, ನಿಮ್ಮ ಯಜಮಾನರಿಗೆ ಇನ್ನೂ ಬೆಳಗಾಗಿಲ್ವಾ?" ಎಂದಾಗಲೇ ಓಡಿಬಂದದ್ದು. ಕಪ್ಪು ಬಟ್ಟೆಯ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದರು.

"ಕೊನೆಯದಾಗಿ ಚೆನ್ನಾಗಿದ್ದದ್ದನ್ನು ನೋಡಿದ್ದು ಎಷ್ಟು ಹೊತ್ತಿಗೆ?" ಡಾಕ್ಟರು ಮೊದಲು ಕೇಳಿದ್ದು ಅದನ್ನೇ. ಬೆಳಗ್ಗೆ ಏಳಕ್ಕೆ ಎಂದೆ. ಅವರು ಗೋಡೆ ಗಡಿಯಾರ ನೋಡಿದರು. ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತಂತೆ. ಅದನ್ನು ಬಿಡಿಸುವ ಮದ್ದಿನ ಹೊತ್ತು ಮೀರಿತ್ತಂತೆ. ಕೈ ಜೋಮು, ತೊದಲು ಎಲ್ಲ ಮುನ್ಸೂಚನೆಯಾಗಿದ್ದವಂತೆ.

ಈಗ ನಾನು ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡಿದ್ದೇನೆ. ಹಗಲು ಅವರ ವ್ಯಾಯಾಮ, ಆಸ್ಪತ್ರೆಯ ಓಡಾಟ ಇರುತ್ತದೆ. ರಾತ್ರಿ ಕೆಳಮನೆಯ ಅಜ್ಜಿ ಬಂದು ಮಲಗುತ್ತಾರೆ. ಇವರಿಗಂತೂ ರಾತ್ರಿಯಿಡೀ ಎಚ್ಚರ. ನಾನು ಆರಕ್ಕೆ ಬರುವಾಗ ಮೇಜಿನ ಮುಂದೆ ಕೂತಿರುತ್ತಾರೆ. ನಾನು ಊಟ ಮಾಡುತ್ತೇನೆ. ಅವರಿಗೆ ಕಾಫಿ ಕುಡಿಸುತ್ತೇನೆ. ಗಲ್ಲದ ಮೇಲೆ ಇಳಿದದ್ದನ್ನು ಒರೆಸುತ್ತೇನೆ. ಏಳಕ್ಕೆ ನನಗೆ ಕಣ್ಣು ಮುಚ್ಚಿಹೋಗುತ್ತದೆ.

ನೀನು ಈಗ ಬರಬೇಡ. ಅವರಿಗೆ ನಾಚಿಕೆಯಾಗುತ್ತದೆ. ಮಕ್ಕಳಿಗೆ ನನ್ನ ಆಶೀರ್ವಾದ. ನನಗೆ ನಿನ್ನದು ಇರಲಿ.

ನಿನ್ನ
ಪುಟ್ಟಿ

ತಾ.ಕ.: ಮಾತು ಕಲಿಸುವ ಹುಡುಗಿ ಮೊನ್ನೆ ಚಪ್ಪಾಳೆ ತಟ್ಟಿದಳು. ಇವರಿಗೆ ಒಂದು ಪದ ಬಂದಿದೆ. ನೀರಿಗೂ ಅದೇ, ನೋವಿಗೂ ಅದೇ, ನನ್ನನ್ನು ಕರೆಯುವುದಕ್ಕೂ ಅದೇ: "ಮಂಗಳವಾರ." "ಮಂಗಳವಾರ ಏನಕ್ಕಾ ವಿಶೇಷ?" ಎಂದು ಕೇಳಿದಳು. ಅವರ ರಜೆ ಎಂದೆ. ನಾಲಿಗೆ ತೊದಲಿದ ಆ ಬೆಳಗ್ಗೆ ಅವರು, "ನಿನ್ಹತ್ರ ಒಂದು ಹೇಳ್ಬೇಕಿತ್ತು" ಎಂದಿದ್ದರು. ನಾನು ಬ್ರೆಡ್ಡು ಹರಿಯುತ್ತಾ, "ಕೆಟ್ಟದ್ದಾದ್ರೆ ಈಗ ಬೇಡ" ಎಂದೆ. ಯಾವಾಗ ಎನ್ನುವುದನ್ನು ಅವರೇ ಹೇಳಿ, ನಕ್ಕು, ಮಲಗಲು ಹೋದರು.