ಸಂಜೆಯ ಅರ್ಧ ಗಂಟೆ

ಜಯನಗರ ನಾಲ್ಕನೇ ಬ್ಲಾಕ್
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಭಾಮಾ,

ನೀನು ವಸಂತಪುರದ ತಂಗಿಯ ಮನೆಗೆ ಹೋಗಿ ಐದು ವಾರವಾಯಿತು. ಹೇಗಿದ್ದೀಯ? ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೈದುಕೋ. ಫೋನ್ ಮಾಡಿದಾಗೆಲ್ಲ ಲತಾಮಣಿ ಎತ್ತಿ, ಅಕ್ಕ ಮಲಗಿದ್ದಾಳೆ ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೆ ನೀನು ಯಾವ ಕಾಲದಲ್ಲಿ ಮಲಗಿದ್ದೆ? ಅದಕ್ಕೇ ಡ್ರಾಯಿಂಗ್ ಹಾಳೆ ತಂದು, ದಪ್ಪ ಮಾರ್ಕರಿನಲ್ಲಿ ಪುಟಕ್ಕೆ ಆರೇ ಸಾಲು ಬರೆಯುತ್ತಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದು. ಲತಾಮಣಿಯ ಕೈಲಿ ಓದಿಸಬೇಡ, ನನಗೆ ನಾಚಿಕೆ.

ನಿನ್ನ ದೊಡ್ಡಪತ್ರೆ ಚಿಗುರಿದೆ. ಸಾರಿಗೆ ಒಂದು ದಿನ ಉಪ್ಪು ಎರಡು ಸಲ ಬೀಳುತ್ತದೆ, ಇನ್ನೊಂದು ದಿನ ಬೀಳುವುದೇ ಇಲ್ಲ. ಸಂಜೆ ಆರಾದರೆ ನಿನ್ನ ಕುರ್ಚಿಯ ಕಡೆ ನೋಡಬಾರದು ಅಂದುಕೊಂಡೇ ನೋಡುತ್ತೇನೆ. ಮನೆ ಬಿಕೋ ಅನ್ನುತ್ತದೆ ಭಾಮಾ. ಹೋದ ವಾರ ವಸಂತಪುರದ ಬಸ್ಸು ಹತ್ತಿ, ನಿಮ್ಮ ಬೀದಿಯ ತುದಿಯವರೆಗೂ ಬಂದು, ಧೈರ್ಯ ಸಾಲದೆ ವಾಪಸಾದೆ.

ಬನಶಂಕರಿಯ ಓದುವ ಕೇಂದ್ರಕ್ಕೆ ಈಗಲೂ ಹೋಗುತ್ತೇನೆ. ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳುತ್ತಾ ಮೂರು ವರ್ಷವಾಯಿತಲ್ಲ. ಮೊನ್ನೆ ಬಿ.ಎ. ಓದುವ ಚೈತ್ರ ಕೇಳಿದಳು, "ಅಂಕಲ್, ನೀವು ಎಷ್ಟು ಚೆನ್ನಾಗಿ ಓದ್ತೀರ. ಮನೇಲಿ ಆಂಟಿಗೂ ಹೀಗೇ ಓದ್ತೀರಾ?" ನಿನ್ನ ಕಣ್ಣಿನ ನಡುಭಾಗ ಮಸುಕಾಗಿ ಸಣ್ಣ ಅಕ್ಷರ ಕಾಣುವುದಿಲ್ಲ ಅಂತ ಆ ಮಗುವಿಗೆ ಗೊತ್ತಿಲ್ಲ. ನಾನು ಪುಸ್ತಕದ ಹಾಳೆ ತಿರುಗಿಸಿದೆ.

ಅವತ್ತಿನಿಂದ ಹಳೆಯ ಸಂಜೆಗಳನ್ನು ನೆನೆಯುತ್ತಾ ಕೂತಿದ್ದೇನೆ. ಕೇಂದ್ರಕ್ಕೆ ರಜೆಯಿದ್ದ ಭಾನುವಾರ ನಿನ್ನ ವಾರಪತ್ರಿಕೆಯ ಧಾರಾವಾಹಿ ಖುಷಿಯಾಗಿ ಓದುತ್ತಿದ್ದೆ. ಹಾಲಿನವನ ಮೇಲೆ ಸುಮ್ಮಸುಮ್ಮನೆ ರೇಗಿದ ದಿನವಂತೂ ಎರಡು ಕಂತು ಓದಿದ್ದೆ, ತಪ್ಪು ತೊಳೆದುಕೊಳ್ಳುವವನ ಹಾಗೆ. ಮಕ್ಕಳಿಗೆ ನಾಲ್ಕು ಗಂಟೆ ಓದಿ ಬಂದ ದಿನ ಮಾತ್ರ ನಿನಗೆ ನಾಲ್ಕು ಸಾಲಿಲ್ಲ. ಗಂಟಲು ಒಣಗಿದೆ ಅನ್ನುತ್ತಿದ್ದೆ. ಒಣಗಿದ್ದರೆ ಕೆಳಗಿನ ಮನೆಯ ಗುಂಡಣ್ಣನ ಹತ್ತಿರ ಒಂದು ಗಂಟೆ ಕ್ರಿಕೆಟ್ ಜಗಳ ಹೇಗೆ ಆಡುತ್ತಿದ್ದೆ ಹೇಳು.

ಇನ್ನೊಂದು ಸಲ, ಮಾರ್ಚಿನಲ್ಲಿ ಕೇಂದ್ರದ ಒಬ್ಬ ಹುಡುಗ ಹೇಳಿದ ಉತ್ತರಗಳನ್ನು ಪರೀಕ್ಷೆಯಲ್ಲಿ ಬರೆದುಕೊಡುತ್ತೇನೆ ಅಂತ ಫೋನಿನಲ್ಲಿ ಒಪ್ಪಿಕೊಂಡೆ. ಅಷ್ಟೇ, ಬರೀ ಮಾತು. ಫೋನ್ ಕೆಳಗಿಡುವ ಮೊದಲೇ ನಿನಗೆ 'ಇವತ್ತು ಬೇಡ' ಅಂತ ಕೈಯಾಡಿಸಿದ್ದೆ. ಇನ್ನೂ ಮಾಡದ ಒಳ್ಳೆಯ ಕೆಲಸಕ್ಕೂ ರಜೆ ತೆಗೆದುಕೊಂಡೆ ನೋಡು.

ಆ ಹೊತ್ತಿಗೆ ಮನಸ್ಸು ಒಂಚೂರೂ ಚುಚ್ಚಲಿಲ್ಲ. ನಾನು ಒಳ್ಳೆಯವನು ಅಂತ ಬೆಳಿಗ್ಗೆಯೇ ತೀರ್ಮಾನವಾಗಿರುತ್ತಿತ್ತು, ಸಂಜೆ ಏನು ಮಾಡಿದರೂ ಅದು ಕೆಟ್ಟದ್ದಾಗಿ ಕಾಣುತ್ತಲೇ ಇರಲಿಲ್ಲ. ಹೊಗಳಿಕೆ ಹೆಚ್ಚಾದಷ್ಟೂ ಮನೆಯಲ್ಲಿ ನನ್ನ ಸಡಿಲತನ ಹೆಚ್ಚು. ಕೇಂದ್ರದವರು ಶಾಲು ಹೊದಿಸಿ ಸನ್ಮಾನ ಮಾಡಿದ ಸಂಜೆ ನೀನು ಪತ್ರಿಕೆ ಹಿಡಿದು ಬಂದೆ. "ಊರಿಗೆಲ್ಲ ಓದ್ತೀನಿ, ಅಷ್ಟು ಸಾಲ್ದಾ ನಿಂಗೆ?" ಅಂದುಬಿಟ್ಟೆ. ನೀನು ಪತ್ರಿಕೆ ಮಡಿಸಿ, ಶಾಲನ್ನೂ ಮಡಿಸಿ ಬೀರುವಿನಲ್ಲಿಟ್ಟೆ.

ಈಗ ಕೇಂದ್ರದಲ್ಲಿ ಓದುವಾಗ, ಎಷ್ಟು ಮಕ್ಕಳಿಗೆ ಓದಿದೆ ಅಂತ ಎಣಿಸುವುದನ್ನು ಬಿಟ್ಟಿದ್ದೇನೆ. ಓದಲಾಗದೆ ಕೂತಿರುವವರಿಗೆ ಹೇಗಿರುತ್ತದೆ ಅಂತ ಮಾತ್ರ ಯೋಚಿಸುತ್ತೇನೆ. ಹಾಗೆ ಯೋಚಿಸಿದರೆ ಸೀದಾ ನಿನ್ನ ಹತ್ತಿರ ಬಂದು ನಿಲ್ಲುತ್ತೇನೆ. ಧಾರಾವಾಹಿಯ ಐದು ಕಂತು ತೆಗೆದಿಟ್ಟಿದ್ದೇನೆ, ಒಂದನ್ನೂ ಓದಿಲ್ಲ.

ಕಣ್ಣಿನ ಇಂಜೆಕ್ಷನ್ ತಪ್ಪಿಸಬೇಡ. ಲತಾಮಣಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅನಂತರಾಮು

ತಾ.ಕ.: ಇದನ್ನು ಹೇಳುವುದಕ್ಕೇ ಇಷ್ಟೆಲ್ಲ ಸುತ್ತಿದ್ದು. ಸನ್ಮಾನವಾದ ಮೇಲೆ, ಓದುವವರು ಬೇಕೆಂದು ಬರುವ ಕೋರಿಕೆಗಳನ್ನು ಆರಿಸುವ ಕೆಲಸ ನನಗೇ ಕೊಟ್ಟಿದ್ದರು. ಚೀಟಿಯಲ್ಲಿ ಹೆಸರಿರುವುದಿಲ್ಲ, ಬಡಾವಣೆ ಮತ್ತು ಫೋನ್ ನಂಬರ್ ಅಷ್ಟೆ. ಒಂದರಲ್ಲಿ ಹೀಗಿತ್ತು: 'ಜಯನಗರ. ಹಿರಿಯ ಮಹಿಳೆ. ಸಂಜೆ ಅರ್ಧ ಗಂಟೆ ಕಥೆ ಓದುವವರು ಬೇಕು. ಮನೆಯಲ್ಲಿ ನಿವೃತ್ತ ಪತಿ.' ನಾನು ನಂಬರ್ ನೋಡದೆ ಕೆಂಪು ಶಾಯಿಯಲ್ಲಿ ಬರೆದೆ: 'ಮನೆಯವರೇ ಓದಬಹುದು. ಬೇಡ.' ಕೇಂದ್ರದ ರವಿಕಿರಣ್ ಫೋನ್ ಮಾಡಿ ಅದನ್ನೇ ನಿನಗೆ ಓದಿ ಹೇಳಿದನಂತೆ. ಮಾರನೆಯ ದಿನ ನೀನು ಹೊರಟೆ. ಆ ಚೀಟಿಯಲ್ಲಿದ್ದದ್ದು ನಿನ್ನ ನಂಬರ್ ಅಂತ ನಾನು ನೋಡಿದ್ದು ನಿನ್ನೆ, ಹಳೆಯ ಚೀಟಿಗಳನ್ನು ಜೋಡಿಸಿಡುವಾಗ. ಆ ಮಾತು ಯಾರದ್ದು ಅಂತ ನಿನಗೆ ಗೊತ್ತಿತ್ತೋ ಇಲ್ಲವೋ, ನನ್ನದೇ ಭಾಮಾ. ಚೀಟಿ ಈಗ ನನ್ನ ಜೇಬಿನಲ್ಲಿದೆ. ಈ ಕಾಗದವನ್ನು ನಾಳೆ ಬೆಳಿಗ್ಗೆಯೇ ಗುಂಡಣ್ಣನ ಕೈಲಿ ಕಳಿಸುತ್ತೇನೆ. ಸಂಜೆ ಆರಕ್ಕೆ ಐದೂ ಕಂತು ತೆಗೆದುಕೊಂಡು ನಿಮ್ಮ ಗೇಟಿನ ಹತ್ತಿರ ನಿಂತಿರುತ್ತೇನೆ. ಒಳಗೆ ಕರೆಯದಿದ್ದರೂ ಪರವಾಗಿಲ್ಲ, ಕಿಟಕಿ ತೆರೆದಿಡು. ಹೊರಗಿನಿಂದಲೇ ಓದುತ್ತೇನೆ.