ಅಜ್ಜಿಯ ಕಣ್ಣಿನ ಎತ್ತರ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯೆಲ್ಲ ಆಫೀಸಿನಲ್ಲಿ ಯಾರದೋ ಬಾತ್‌ರೂಮಿನ ಟೈಲ್ಸ್. ಊಟದ ಹೊತ್ತಿಗೆ ಅಜ್ಜಿಯ ಹೊಸ ಅಡುಗೆಮನೆಯ ಕಂಪ್ಯೂಟರ್ ಚಿತ್ರ, ಅಂದರೆ ರೆಂಡರ್, ಮುಗಿಯಿತು. ಕಟ್ಟುವ ಮುನ್ನವೇ ತೆಗೆದ ಫೋಟೋ ಅನ್ನಬೇಕು, ಹಾಗಿದೆ. ಗ್ರಾನೈಟಿನ ಹೊಳಪು, ಟೈಲ್ಸ್ ಸಂದಿಯಲ್ಲಿ ಒಂಚೂರು ಕೊಳೆ, ಸ್ಟೀಲ್ ಡಬ್ಬಿಯ ಮೈಮೇಲೆ ಕಿಟಕಿ! ಶುಕ್ರವಾರ ಬಡಗಿ ಬಂದು ಹಲಗೆ ಕತ್ತರಿಸುತ್ತಾನೆ. ಅಷ್ಟರಲ್ಲಿ ಅಜ್ಜಿ ಹೂಂ ಅಂದರೆ ಸಾಕು.

ಸಂಜೆ 6

ಅಜ್ಜಿ ಹೂಂ ಅನ್ನಲಿಲ್ಲ. ಲ್ಯಾಪ್‌ಟಾಪ್ ನೋಡಿ, "ಯಾರ ಮನೆ ಕಣೇ ಇದು?"

"ನಿಂದೇ ಅಜ್ಜಿ!"

"ನಂದಲ್ಲ. ಮೇಲಿನ ಹಲಗೆಯ ಡಬ್ಬಿಗಳ ಮುಚ್ಚಳ ಕಾಣ್ತಿದೆ. ನಂಗೆ ಯಾವತ್ತಾದ್ರೂ ಕಂಡಿದೆಯಾ?"

ಒಂದು ವಾರ ಕಣ್ಣು ಕಿತ್ತುಕೊಂಡು ಮಾಡಿದ್ದು. ಚೆನ್ನಾಗಿದೆ ಅಂದರೆ ಏನು ಗಂಟು ಹೋಗುತ್ತಿತ್ತು? ಮುಖ ಊದಿಸಿಕೊಂಡು ಬಂದೆ.

ಮಾರ್ಚ್ 5

ಉರಿ ತಣಿಯದೆ ಫೈಲ್ ತೆರೆದೆ. ಚಿತ್ರದೊಳಗಿನ ಕ್ಯಾಮೆರಾದ ಎತ್ತರ — 160 ಸೆಂಟಿಮೀಟರ್. ಸಾಫ್ಟ್‌ವೇರ್ ತಾನೇ ಇಟ್ಟದ್ದು, ನಾನು ಮುಟ್ಟಿಯೇ ಇಲ್ಲ. ಕೋಣೆ ದೊಡ್ಡದಾಗಿ ಕಾಣಲೆಂದು ಅಗಲದ ಲೆನ್ಸ್ ಬೇರೆ.

ಸಂಜೆ ಟೇಪ್ ಹಿಡಿದು ಹೋದೆ. ಅಜ್ಜಿಯನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಕಣ್ಣು 131. ಮೊಣಕೈ 88. ನಾನು ಬರೆದ ಅಡುಗೆ ಕಟ್ಟೆಯ ಎತ್ತರ 90! ಮೊಣಕೈಗಿಂತ ಹತ್ತು ಹನ್ನೆರಡು ಸೆಂಟಿಮೀಟರ್ ಕೆಳಗಿರಬೇಕಾದ್ದು. ಕ್ಯಾಮೆರಾ 131ಕ್ಕೆ ಇಳಿಸಿ, ಲೆನ್ಸ್ ಬದಲಿಸಿ, ಮತ್ತೆ ರೆಂಡರ್ ಮಾಡಿದೆ. ಡಬ್ಬಿಗಳೇ ಮಾಯ. ಕಂಡದ್ದು ಹಲಗೆಯ ಅಡಿ ಮಾತ್ರ.

ಹಳೆಯ ಕಟ್ಟೆಯ ಮುಂದೆ ಅಜ್ಜಿ ಮರದ ಮಣೆ ಹಾಕಿಕೊಂಡೇ ನಿಲ್ಲುತ್ತಾಳೆ. ನಲವತ್ತು ವರ್ಷದಿಂದ. ಅದೇ ಮಣೆಯ ಮೇಲೆ ಹತ್ತಿ ಕುಣಿದವಳು ನಾನು. ಆರ್ಕಿಟೆಕ್ಟ್ ಅಂತೆ ಆರ್ಕಿಟೆಕ್ಟು! ನಾಚಿಕೆಯಾಗಬೇಕು.

ಮಾರ್ಚ್ 6

ಕಟ್ಟೆ 76 ಮಾಡಿದೆ. ಹಲಗೆ ಇಳಿಸಿದೆ. ಅಜ್ಜಿ ಹೊಸ ಚಿತ್ರ ನೋಡಿ, "ಹಾಂ, ಈಗ ಡಬ್ಬಿ ಕಾಣ್ತಿದೆ" ಅಂದಳು.

ಅಷ್ಟರಲ್ಲಿ ಚಿಕ್ಕಪ್ಪನ ಫೋನ್. ಕಟ್ಟೆ ಇಳಿಸಿದ್ದನ್ನು ಹೇಳಿದೆ. ಸ್ಪೀಕರ್ ಹಾಕಿತ್ತು, ಹಾಳಾದ್ದು.

"ತೊಂಬತ್ತೇ ಇರ್ಲಿ. ನಾಳೆ ಮನೆ ಮಾರೋವಾಗ ಈ ಕುಳ್ಳ ಕಟ್ಟೆ ನೋಡಿ ಯಾರು ತಗೋತಾರೆ? ಅಮ್ಮ ಇನ್ನೆಷ್ಟು ವರ್ಷ ಅಡುಗೆ ಮಾಡ್ತಾಳೆ ಹೇಳು."

ಅಜ್ಜಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಮುಂದಿನ ಕಾಯಿ ಎತ್ತಿಕೊಂಡಳು.

ಹೆತ್ತ ತಾಯಿ ಬದುಕಿರುವಾಗಲೇ, ನಾಳೆ ಬರುವ ಯಾರೋ ಅಪರಿಚಿತನ ಮೊಣಕೈ ಅಳೆಯುತ್ತಾನೆ! ಸಾಲದ್ದಕ್ಕೆ ನಾನು ಕಳಿಸಿದ್ದ ಮೊದಲ ಚಿತ್ರವನ್ನೇ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾನೆ. ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದಾರೆ. ಅಜ್ಜಿಯ ಬಾಯಿ ಮುಚ್ಚಿಸಲು ನನ್ನದೇ ಚಿತ್ರ.

ಮಾರ್ಚ್ 7, ಬೆಳಿಗ್ಗೆ 9

ಬಡಗಿ ನನ್ನ ಹೊಸ ಡ್ರಾಯಿಂಗ್ ನೋಡಿ ತಲೆ ಕೆರೆದುಕೊಂಡ. ದುಡ್ಡು ಕೊಡುವ ಚಿಕ್ಕಪ್ಪನಿಗೆ ಫೋನ್ ಮಾಡಿದ. ಅವನು ಬರುತ್ತಿದ್ದಾನೆ. ನಾನು ಮಾತು ಜೋಡಿಸಿಕೊಳ್ಳುತ್ತಿದ್ದರೆ, ಅಜ್ಜಿ ಮಣೆ ಎಳೆದು ತಂದು ಬಾಗಿಲಿಗೆ ಎದುರಾಗಿ ಇಟ್ಟಳು. ಹತ್ತಿ ನಿಂತಳು.

"ಇದ್ಯಾಕಜ್ಜಿ?"

"ಇವತ್ತೊಂದು ದಿನ ಈ ಮಣೆ ಬೇಕು ಕಣೇ. ಅವನ ಮುಖ ನೋಡಿ ಮಾತಾಡ್ಬೇಕು. ನೀನು ಸುಮ್ನಿರು."

ಬೈಕ್ ನಿಂತ ಸದ್ದು. ಟೇಪ್ ಅಜ್ಜಿಯ ಕೈಯಲ್ಲಿದೆ. "ಬಾರಪ್ಪ, ಒಳಗೆ ಬಾ. ಮೊದ್ಲು ಇದರ ಒಂದು ತುದಿ ಹಿಡ್ಕೊ, ನನ್ನ ಮೊಣಕೈ ಎಷ್ಟೆತ್ತರ ಇದೆ ನೋಡು—"